ಬೆರಳು ಮಡಚಿದರೆ ಬಿಡುವುದೇ ಇಲ್ಲವೇ? ತೊಂದರೆ ಗೆಣ್ಣಿನಲ್ಲಲ್ಲ, ಅಂಗೈಯಲ್ಲಿ: ಪಟ್ಟಿ ಯಾವಾಗ, ಇಂಜೆಕ್ಷನ್ ಯಾವಾಗ?

ಬಿಜೂರು: ಬೆಳಿಗ್ಗೆ ಎದ್ದಾಗ ಉಂಗುರ ಬೆರಳು ಅಥವಾ ಹೆಬ್ಬೆರಳು ಮಡಚಿದಲ್ಲೇ ನಿಂತಿರುತ್ತದೆ. ಇನ್ನೊಂದು ಕೈಯಿಂದ ಎಳೆದರೆ ‘ಟಕ್’ ಎಂದು ಬಿಡಿಸಿಕೊಳ್ಳುತ್ತದೆ. ಮರಗೆಲಸದವರು, ಗ್ಯಾರೇಜಿನವರು, ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯುವವರು, ದಿನವಿಡೀ ಕತ್ತರಿ ಹಿಡಿಯುವ ಟೈಲರ್‌ಗಳು ಹೀಗಾದಾಗ ‘ನರ ಹಿಡ್ಕಂಡಿತ್’ ಎಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದು ಸಾಮಾನ್ಯ. ಆದರೆ ಇದು ನರದ ಕಾಯಿಲೆಯಲ್ಲ. ವೈದ್ಯರು ಇದನ್ನು ಟ್ರಿಗರ್ ಫಿಂಗರ್ ಎನ್ನುತ್ತಾರೆ. ಶುರುವಿನಲ್ಲೇ ಗುರುತಿಸಿದರೆ ಅನೇಕರಿಗೆ ಆಪರೇಷನ್ ಬೇಕಾಗುವುದಿಲ್ಲ.

ಸಿಕ್ಕಿಕೊಳ್ಳುವುದು ಎಲ್ಲಿ?

ಬೆರಳನ್ನು ಮಡಚುವ ಸ್ನಾಯು ಇರುವುದು ಮುಂಗೈಯಲ್ಲಿ. ಅಲ್ಲಿಂದ ಟೆಂಡನ್ ಎಂಬ ಗಟ್ಟಿ ಹುರಿ ಅಂಗೈ ದಾಟಿ ಬೆರಳ ತುದಿಯವರೆಗೆ ಹೋಗುತ್ತದೆ. ಈ ಹುರಿ ಎಲುಬಿನಿಂದ ಮೇಲೇಳದಂತೆ ದಾರಿಯುದ್ದಕ್ಕೂ ಉಂಗುರದಂಥ ಪಟ್ಟಿಗಳು ಹಿಡಿದಿರುತ್ತವೆ. ಮೊದಲ ಪಟ್ಟಿ ಇರುವುದು ಬೆರಳಿನ ಬುಡದಲ್ಲಿ, ಅಂಗೈ ಮೇಲೆ. ಆ ಪಟ್ಟಿ ದಪ್ಪವಾಗಿ ಹುರಿಯ ಮೇಲೆ ಸಣ್ಣ ಗಂಟು ಎದ್ದರೆ, ಗಂಟು ಬಿದ್ದ ಬಾವಿ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ.

ಬೆರಳು ಮಡಚುವ ಸ್ನಾಯುವಿಗೆ ಬಲ ಹೆಚ್ಚು, ಅದು ಗಂಟನ್ನು ಪಟ್ಟಿಯಿಂದ ಹೇಗಾದರೂ ಎಳೆದು ದಾಟಿಸುತ್ತದೆ. ಬಿಡಿಸುವ ಸ್ನಾಯುವಿಗೆ ಅಷ್ಟು ಬಲವಿಲ್ಲ. ಹಾಗಾಗಿಯೇ ಬೆರಳು ಮಡಚಿದ ಸ್ಥಿತಿಯಲ್ಲಿ ಲಾಕ್ ಆಗುತ್ತದೆ. ‘ಟಕ್’ ಎನ್ನುವುದು ನಡುಗೆಣ್ಣಿನಲ್ಲಿ ಅನ್ನಿಸಿದರೂ ಮೂಲ ಇರುವುದು ಅಂಗೈಯಲ್ಲಿ.

ಪರೀಕ್ಷೆ ಸುಲಭ. ಅಂಗೈಯ ಮೇಲಿನ ಅಡ್ಡಗೆರೆಯ ಹತ್ತಿರ, ತೊಂದರೆ ಇರುವ ಬೆರಳಿನ ನೇರಕ್ಕೆ ಇನ್ನೊಂದು ಕೈಯ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ಹೆಬ್ಬೆರಳಾದರೆ ಅದರ ಬುಡದ ಗೆರೆಯ ಹತ್ತಿರ. ನಂತರ ಬೆರಳನ್ನು ಮಡಚಿ ಬಿಡಿಸಬೇಕು. ಒತ್ತಿದಲ್ಲಿ ನೋವಾಗಿ, ಕಡಲೆಕಾಳಿನಂಥದ್ದು ಹಿಂದೆ ಮುಂದೆ ಸರಿದ ಹಾಗೆ ಅನ್ನಿಸಿದರೆ ಬಹುತೇಕ ಇದೇ.

ಬಿಗಿಯಾಗಿ ಹಿಡಿಯುವ ಕೆಲಸ ಇದನ್ನು ಕೆರಳಿಸುತ್ತದೆ, ಆದರೆ ಕೆಲಸವೊಂದೇ ಕಾರಣವಲ್ಲ. 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಶುಗರ್ ಇರುವವರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬೆರಳು ತೋರಿಸಲು ಹೋದವರು ಶುಗರ್ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಮೊದಲು ಪಟ್ಟಿ

ಬೆರಳು ಆಗಾಗ ಮಾತ್ರ ಹಿಡಿದು ತಾನಾಗಿಯೇ ಬಿಡುತ್ತಿದ್ದರೆ, ತೊಂದರೆ ಶುರುವಾಗಿ ಕೆಲವೇ ವಾರಗಳಾಗಿದ್ದರೆ, ಮೊದಲ ಉಪಾಯ ಸ್ಪ್ಲಿಂಟ್, ಅಂದರೆ ಬೆರಳಿನ ಪಟ್ಟಿ. ಹುರಿಯ ಗಂಟು ಪಟ್ಟಿಯೊಳಗೆ ಮತ್ತೆ ಮತ್ತೆ ಉಜ್ಜದಂತೆ ತಡೆದರೆ ಊತ ಇಳಿಯಲು ಸಮಯ ಸಿಗುತ್ತದೆ.

ಹೆಚ್ಚಾಗಿ ಬಳಸುವುದು ಬೆರಳಿನ ಬುಡದ ಗೆಣ್ಣು ಮಡಚದಂತೆ ಹಿಡಿಯುವ ಪಟ್ಟಿ. ಬುಡದ ಗೆಣ್ಣು ಬಹುತೇಕ ನೇರವಾಗಿರಬೇಕು, ಮೇಲಿನ ಎರಡು ಗೆಣ್ಣು ಆಡುತ್ತಿರಬೇಕು. ಬೆರಳ ತುದಿಗೆ ಮಾತ್ರ ಹಾಕುವ ಸಣ್ಣ ಕ್ಯಾಪ್ ಬೇರೆ ತೊಂದರೆಗೆ ಇರುವಂಥದ್ದು. ಮೆಡಿಕಲ್‌ನಲ್ಲಿ ಅದನ್ನೇ ತಂದು ಹಾಕಿಕೊಂಡರೆ ಇದಕ್ಕೆ ಅಷ್ಟು ಪ್ರಯೋಜನವಿಲ್ಲ. ಅಳತೆ ನೋಡಿ ಪಟ್ಟಿ ಮಾಡಿಕೊಡುವ ಫಿಸಿಯೋಥೆರಪಿಸ್ಟ್ ಸಿಕ್ಕಿದರೆ ಒಳ್ಳೆಯದು.

ಕನಿಷ್ಠ 6 ವಾರ ಹಾಕಬೇಕು. ಎರಡು ದಿನ ಹಾಕಿ ಬಿಟ್ಟರೆ ಹಾಕದ ಹಾಗೆಯೇ. ಹಗಲು ಕೆಲಸದ ಕಾರಣ ಆಗದಿದ್ದರೆ ರಾತ್ರಿಯಾದರೂ ತಪ್ಪಿಸಬಾರದು, ನಿದ್ದೆಯಲ್ಲಿ ಮುಷ್ಟಿ ಬಿಗಿಯುವುದರಿಂದಲೇ ಬೆಳಿಗ್ಗೆ ಹೆಚ್ಚು ಹಿಡಿಯುವುದು. ಬೆರಳು ತಣ್ಣಗಾದರೆ, ಜುಮ್ಮೆಂದರೆ ಅಥವಾ ತುದಿಯ ಬಣ್ಣ ಬದಲಾದರೆ ಪಟ್ಟಿ ಬಿಗಿಯಾಯಿತೆಂದು ಅರ್ಥ.

ಜೊತೆಗೆ ಹಿಡಿಕೆಯನ್ನೂ ಬದಲಿಸಬೇಕು. ಸಣ್ಣ ಹಿಡಿಕೆಯನ್ನು ಹಿಡಿಯಲು ಬೆರಳು ಹೆಚ್ಚು ಬಿಗಿಯಬೇಕಾಗುತ್ತದೆ. ಸ್ಕ್ರೂ ಡ್ರೈವರ್, ಕತ್ತಿ, ಸ್ಪ್ಯಾನರ್‌ನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಬಹುದು. ಹಿಡಿಯ ತುದಿ ಬೆರಳಿನ ಬುಡಕ್ಕೇ ಒತ್ತದಂತೆ ನೋಡಿಕೊಳ್ಳಬೇಕು. ಲಾಕ್ ಆದ ಬೆರಳನ್ನು ಜೋರಾಗಿ ಎಳೆಯುವ ಬದಲು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ನಿಧಾನಕ್ಕೆ ಬಿಡಿಸುವುದು ಉತ್ತಮ.

ಇಂಜೆಕ್ಷನ್ ಎಂದರೆ ಏನು?

ಪಟ್ಟಿಯಿಂದ ಕಡಿಮೆಯಾಗದಿದ್ದರೆ, ಅಥವಾ ಮೊದಲಿನಿಂದಲೇ ಬೆರಳು ಪದೇ ಪದೇ ಲಾಕ್ ಆಗುತ್ತಿದ್ದರೆ ಮುಂದಿನ ಹೆಜ್ಜೆ ಸ್ಟೀರಾಯ್ಡ್ ಇಂಜೆಕ್ಷನ್. ಇದನ್ನು ಅಂಗೈಯಲ್ಲಿ, ಬೆರಳಿನ ಬುಡದ ಆ ಪಟ್ಟಿಯ ಸುತ್ತ ಕೊಡುತ್ತಾರೆ. ಔಷಧಿ ಒಂದು ಮಿಲಿ ಲೀಟರ್ ಆಸುಪಾಸು, ನೋವು ತಿಳಿಯದ ಮದ್ದಿನ ಜೊತೆ ಬೆರೆಸುವುದು ರೂಢಿ. ಔಷಧಿ ಹುರಿಯೊಳಗೇ ಹೋಗಬಾರದು, ಆದ್ದರಿಂದ ಎಲುಬಿನ ಡಾಕ್ಟರ್ ಅಥವಾ ಇದರಲ್ಲಿ ಪಳಗಿದವರ ಬಳಿಯೇ ಹಾಕಿಸಿಕೊಳ್ಳಬೇಕು.

ಮೊದಲ ಒಂದೆರಡು ದಿನ ನೋವು ಜಾಸ್ತಿಯಾದರೆ ಗಾಬರಿ ಬೇಡ. ಗುಣ ಕಾಣಲು ಕೆಲವು ದಿನದಿಂದ ಎರಡು ಮೂರು ವಾರ ಬೇಕು. ಸರಿಸುಮಾರು ಮೂವರಲ್ಲಿ ಇಬ್ಬರಿಗೆ ಒಂದೇ ಇಂಜೆಕ್ಷನ್‌ನಿಂದ ಕಡಿಮೆಯಾಗುತ್ತದೆ. ಶುಗರ್ ಇದ್ದವರಿಗೆ ಈ ಪ್ರಮಾಣ ಕಡಿಮೆ. ಹಾಕಿದ ಜಾಗದಲ್ಲಿ ಚರ್ಮ ಬೆಳ್ಳಗಾಗುವುದು, ತೆಳ್ಳಗಾಗುವುದು ಅಪರೂಪಕ್ಕೆ ಉಂಟು. ತಿಂಗಳುಗಳ ಬಳಿಕ ತೊಂದರೆ ಮರಳಿದರೆ ಎರಡನೆಯದನ್ನು ಹಾಕಬಹುದು, ಆದರೆ ಒಂದೇ ಬೆರಳಿಗೆ ಮತ್ತೆ ಮತ್ತೆ ಹಾಕಿಸಿದರೆ ಹುರಿ ದುರ್ಬಲವಾಗುವ ಭಯವಿದೆ.

ಒಂದು ಉದಾಹರಣೆ

52 ವರ್ಷದ ಮರಗೆಲಸದವರೊಬ್ಬರು ಎಂದುಕೊಳ್ಳೋಣ. ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಲಗೈ ಉಂಗುರ ಬೆರಳು ಐದು ವಾರದಿಂದ ಬೆಳಿಗ್ಗೆ ಹಿಡಿಯುತ್ತದೆ, ಹಗಲು ಬಿಡುತ್ತದೆ. ಇವರಿಗೆ ಮೊದಲು ಪಟ್ಟಿಯೇ ಸರಿ: ರಾತ್ರಿ ಪೂರ್ತಿ, ಹಗಲು ಕೆಲಸವಿಲ್ಲದ ಹೊತ್ತು. ಆರು ವಾರದ ನಂತರವೂ ಉಳಿ ಹಿಡಿದಾಗ ಬೆರಳು ಲಾಕ್ ಆಗುತ್ತಿದ್ದರೆ ಇಂಜೆಕ್ಷನ್.

ಇಲ್ಲಿ ಒಂದು ಎಚ್ಚರಿಕೆ. ಸ್ಟೀರಾಯ್ಡ್‌ನಿಂದ ಶುಗರ್ ಕೆಲವು ದಿನ ಏರುತ್ತದೆ. ಹಾಗಾಗಿ ಶುಗರ್ ಇರುವುದನ್ನು ಮೊದಲೇ ಡಾಕ್ಟರಿಗೆ ಹೇಳಿ, ಮುಂದಿನ ಒಂದು ವಾರ ದಿನವೂ ಪರೀಕ್ಷಿಸಿಕೊಳ್ಳಬೇಕು. ಬೆರಳು ಸರಿಯಾಗಿ ಐದಾರು ತಿಂಗಳ ನಂತರ ಮತ್ತೆ ಹಿಡಿಯಲು ಶುರುವಾದರೆ, ಇವರು ಮೂರನೆಯ ನಾಲ್ಕನೆಯ ಇಂಜೆಕ್ಷನ್‌ಗೆ ಕಾಯುವುದಕ್ಕಿಂತ ಆಪರೇಷನ್ ಬಗ್ಗೆ ಕೇಳುವುದು ಲೇಸು.

ಅದು ದೊಡ್ಡ ಆಪರೇಷನ್ ಅಲ್ಲ. ಕೈಗಷ್ಟೇ ಅರಿವಳಿಕೆ ಕೊಟ್ಟು, ಅಂಗೈಯಲ್ಲಿ ಸಣ್ಣ ಗೀರು ಹಾಕಿ ಬಿಗಿಯಾದ ಪಟ್ಟಿಯನ್ನು ಸೀಳುತ್ತಾರೆ. ಉಳಿದ ಪಟ್ಟಿಗಳು ಹುರಿಯನ್ನು ಹಿಡಿದಿರುವುದರಿಂದ ಬೆರಳಿನ ಬಲ ಹೋಗುವುದಿಲ್ಲ. ಅಂದೇ ಮನೆಗೆ ಬರಬಹುದು, ಬೆರಳನ್ನು ಆ ದಿನದಿಂದಲೇ ಆಡಿಸಬೇಕು. ಹೊಲಿಗೆ ತೆಗೆಯಲು ಎರಡು ವಾರ. ಸುತ್ತಿಗೆ, ಉಳಿಯಂಥ ಬಿಗಿ ಹಿಡಿತದ ಕೆಲಸಕ್ಕೆ ಮೂರು ನಾಲ್ಕು ವಾರ ಬೇಕಾಗುತ್ತದೆ, ಅಷ್ಟು ದಿನದ ದುಡಿಮೆಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು.

ತಡ ಮಾಡಬಾರದ್ದು ಯಾವಾಗ?

ಮೀನಿನ ಮುಳ್ಳು, ಮರದ ಸಿಬಿರು ಅಥವಾ ಮೊಳೆ ಚುಚ್ಚಿದ ಬಳಿಕ ಇಡೀ ಬೆರಳು ಊದಿ, ಕೆಂಪಾಗಿ, ನೇರ ಮಾಡಿದರೆ ಪ್ರಾಣ ಹೋಗುವಷ್ಟು ನೋವಾದರೆ ಅದು ಟ್ರಿಗರ್ ಫಿಂಗರ್ ಅಲ್ಲ. ಹುರಿಯ ಕವಚದೊಳಗೆ ಕೀವಾಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡೂ ಕೈಯ ಹಲವು ಗೆಣ್ಣುಗಳು ಊದಿ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದಿದ್ದರೆ ಅದು ಸಂಧಿವಾತ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ.

ಬೆರಳು ಮಡಚಿದಲ್ಲೇ ನಿಂತು ಇನ್ನೊಂದು ಕೈಯಿಂದಲೂ ಬಿಡಿಸಲು ಆಗದಿದ್ದರೆ ಮನೆಮದ್ದು ಮಾಡುತ್ತಾ ಕೂರಬಾರದು. ಬಹಳ ದಿನ ಹಾಗೇ ಬಿಟ್ಟರೆ ನಡುಗೆಣ್ಣೇ ಗಟ್ಟಿಯಾಗುತ್ತದೆ, ಆಮೇಲೆ ಆಪರೇಷನ್ ಮಾಡಿದರೂ ಬೆರಳು ಪೂರ್ತಿ ನೇರವಾಗದಿರಬಹುದು. ಬಿಜೂರು ಕಡೆಯವರು ಮೊದಲು ಬೈಂದೂರು ಸಮುದಾಯ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಎಲುಬಿನ ಡಾಕ್ಟರ್ ಬೇಕೆಂದರೆ ಕುಂದಾಪುರ ಸರ್ಕಾರಿ ಆಸ್ಪತ್ರೆ, ಉಡುಪಿ ಜಿಲ್ಲಾಸ್ಪತ್ರೆ ಅಥವಾ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೋಗುವಾಗ ಶುಗರ್ ಚೀಟಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಮತ್ತು ತೊಂದರೆ ಎಷ್ಟು ವಾರದಿಂದ ಇದೆ ಎಂಬ ಲೆಕ್ಕ ಜೊತೆಗಿರಲಿ. ಪಟ್ಟಿ ಸಾಕೋ, ಇಂಜೆಕ್ಷನ್ ಬೇಕೋ ಎಂಬುದು ಬಹುಪಾಲು ಅದರ ಮೇಲೆಯೇ ನಿರ್ಧಾರವಾಗುತ್ತದೆ.