ಮಿಶ್ರ ಪ್ರಕಾರ (ಕನ್ನಡ ಜನಪ್ರಿಯ ಚಿತ್ರ)

ಹಾಡು, ಹೊಡೆದಾಟ, ಹಾಸ್ಯ ಒಂದೇ ಕಥೆಯಲ್ಲಿ ಸೇರುವ ಚಲನಚಿತ್ರ ರೂಪ. ಪ್ರಕಾರಕ್ಕೆ ಎರಡು ಮುಖಗಳಿವೆ ಎಂದು ರಿಕ್ ಆಲ್ಟ್‌ಮನ್ 1984ರಲ್ಲಿ ವಾದಿಸಿದರು: ಮತ್ತೆ ಮತ್ತೆ ಬರುವ ಘಟಕಗಳು ಮತ್ತು ಅವುಗಳನ್ನು ಹೆಣೆಯುವ ವಿನ್ಯಾಸ. ಘಟಕಗಳನ್ನಷ್ಟೇ ಎಣಿಸಿದರೆ ಕನ್ನಡ ಚಿತ್ರ ಕಲಸುಮೇಲೋಗರದಂತೆ ಕಾಣುತ್ತದೆ. ವಿನ್ಯಾಸವನ್ನು ನೋಡಿದರೆ ಅದಕ್ಕೂ ಖಚಿತ ನಿಯಮವಿರುವುದು ತಿಳಿಯುತ್ತದೆ. ಈ ನಿಯಮದ ಒಂದು ಮೂಲ ವೃತ್ತಿರಂಗಭೂಮಿ. ಅಲ್ಲಿ ರಂಗಗೀತೆಯೂ ಹಾಸ್ಯಪಾತ್ರವೂ ನಾಟಕದ ಅಂಗಗಳೇ ಆಗಿದ್ದವು. ಪಿ. ಬಿ. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ (1974) ಇದಕ್ಕೆ ಒಳ್ಳೆಯ ನಿದರ್ಶನ.

ಹಾಡು ಕಥೆಯನ್ನು ತಡೆಯುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಆದರೆ ಈ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡುವಾಗ, ಯಾರಿಗೂ ಜಗ್ಗದ ಹಳ್ಳಿಗನ ಸ್ವಭಾವ ನಗೆಯ ಜೊತೆಗೇ ಸ್ಥಾಪಿತವಾಗುತ್ತದೆ. ಸಿರಿವಂತಿಕೆಯ ಸೊಕ್ಕಿಗೆ ಅವನು ಮುಂದೆ ಒಡ್ಡುವ ಸವಾಲಿಗೆ ಈ ಸ್ವಭಾವವೇ ಬುನಾದಿ. ಹಾಡು ಅವನ ಗುಣವನ್ನು ತೋರಿಸಿದರೆ, ಸಂಘರ್ಷ ಅದನ್ನು ಪರೀಕ್ಷೆಗೆ ಒಡ್ಡುತ್ತದೆ. ಹಾಗೆಂದು ಎಲ್ಲ ಬೆರಕೆಯೂ ಕೂಡಿಬರುವುದಿಲ್ಲ. ನಾಯಕನ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದ ಎಳೆಯನ್ನು ತೆಗೆದುಹಾಕಿದರೂ ಚಿತ್ರಕ್ಕೆ ಏನೂ ಕೊರತೆಯಾಗದಿದ್ದರೆ, ಅಂಥ ಆಕ್ಷೇಪ ಅಲ್ಲಿ ಸರಿಯೇ. ಆದರೆ ಅದು ಹೆಣಿಗೆಯ ದೋಷ, ಪ್ರಕಾರದ್ದಲ್ಲ.