ಒಮ್ಮೆ ಮಾತ್ರ ಕೇಳಿಸುವ ಮಾತು: ಟಿಸಿಎಫ್ ಕೆನಡಾ ಪರೀಕ್ಷೆಯ ಆಲಿಸುವಿಕೆಯಲ್ಲಿ ಪದಗಡಿ ಮತ್ತು ವಾದದ ತಿರುವು

ಕೆನಡಾಕ್ಕೆ ವಲಸೆ ಹೋಗಲು ಬಯಸುವ ಕನ್ನಡಿಗರು ಇತ್ತೀಚೆಗೆ ಫ್ರೆಂಚ್ ತರಗತಿಗಳಿಗೆ ಸೇರುತ್ತಿರುವುದಕ್ಕೆ ಸ್ಪಷ್ಟ ಕಾರಣವಿದೆ. ಆ ದೇಶದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಆಯ್ಕೆ ಇದೆ. ಅದಕ್ಕೆ ಓದು, ಬರಹ, ಮಾತು, ಆಲಿಸುವಿಕೆ ನಾಲ್ಕರಲ್ಲೂ ಕೆನಡಾದ ಭಾಷಾ ಮಾನದಂಡದ 7ನೆಯ ಮಟ್ಟ ಬೇಕು. ಫ್ರೆಂಚ್ ಜ್ಞಾನವನ್ನು ಅಳೆಯುವ ಟಿಸಿಎಫ್ ಕೆನಡಾ ಪರೀಕ್ಷೆಯ ಆಲಿಸುವಿಕೆಯಲ್ಲಿ ಈ ಮಟ್ಟ 458 ಅಂಕದಿಂದ ಆರಂಭವಾಗುತ್ತದೆ. ಈ ಭಾಗದಲ್ಲಿ 35 ನಿಮಿಷಕ್ಕೆ 39 ಪ್ರಶ್ನೆಗಳಿರುತ್ತವೆ. ಅವು ಸುಲಭದಿಂದ ಕಠಿಣದ ಕಡೆಗೆ ಸಾಗುತ್ತವೆ, ಪ್ರತಿ ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುತ್ತದೆ.

ಇಲ್ಲಿ ಎಡವಿದವರು ಸಾಮಾನ್ಯವಾಗಿ ಶಬ್ದಸಂಪತ್ತು ಸಾಲದೆಂದು ಭಾವಿಸಿ ಪದಪಟ್ಟಿ ಬಾಯಿಪಾಠ ಮಾಡತೊಡಗುತ್ತಾರೆ. ಈ ರೋಗನಿರ್ಣಯ ಬಹಳ ಸಲ ತಪ್ಪು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸುವುದು ಸುಲಭ. ಕೇಳಿ ಅರ್ಥವಾಗದ ತುಣುಕಿನ ಬರಹರೂಪವನ್ನು ಓದಿ ನೋಡಬೇಕು. ಓದಿದಾಗ ಪದಗಳೆಲ್ಲ ಗೊತ್ತಿದ್ದವೇ ಆಗಿದ್ದರೆ ಕೊರತೆ ಇರುವುದು ಶಬ್ದಸಂಪತ್ತಿನಲ್ಲಲ್ಲ, ಮಾತಿನ ಹರಿವಿನಲ್ಲಿ ಪದದ ಗಡಿ ಗುರುತಿಸುವುದರಲ್ಲಿ.

ಫ್ರೆಂಚ್ ಮಾತಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಇದು ಕನ್ನಡಿಗರಿಗೆ ಹೊಸದೇನಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವುದನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ. ಆದರೆ ನಮ್ಮ ಬರಹ ಸಂಧಿಯನ್ನು ಬಹುಮಟ್ಟಿಗೆ ಕಣ್ಣಿಗೆ ತೋರಿಸುತ್ತದೆ. ಫ್ರೆಂಚ್ ಬರಹ ಸ್ವರಲೋಪವನ್ನು ತೋರಿಸಿದರೂ, ಮುಂದಿನ ಪದ ಸ್ವರದಿಂದ ಆರಂಭವಾದಾಗ ಹಿಂದಿನ ಪದದ ಮೂಕ ವ್ಯಂಜನ ಎದ್ದು ಬರುವ ‘ಲಿಯೆಜ಼ೊಂ’ ಅನ್ನು ತೋರಿಸುವುದಿಲ್ಲ. ‘ಇಲ್ಜ಼ೊಂ’ ಎಂದರೆ ಅವರ ಬಳಿ ಇದೆ, ‘ಇಲ್‌ಸೊಂ’ ಎಂದರೆ ಅವರು ಇದ್ದಾರೆ. ಎರಡರ ನಡುವಿನ ವ್ಯತ್ಯಾಸ ಒಂದು ಜ಼ಕಾರ ಮಾತ್ರ, ಅದು ಕನ್ನಡದ ಮೂಲ ಧ್ವನಿಯಲ್ಲ. ಎರಡು ಗಂಟೆ ಮತ್ತು ಹನ್ನೆರಡು ಗಂಟೆಗಳ ಜೋಡಿ ಇನ್ನೂ ಕಠಿಣ. ಅಲ್ಲಿ ಜ಼ಕಾರ ಎರಡರಲ್ಲೂ ಇರುತ್ತದೆ, ಬೇರೆಯಾಗುವುದು ಮೊದಲ ಸ್ವರವೊಂದೇ. ಹನ್ನೆರಡರದು ನಮ್ಮ ‘ದೂ’ಗೆ ಹತ್ತಿರವಾಗಿದ್ದರೆ, ಎರಡರದು ತುಟಿ ದುಂಡಾಗಿಸಿ ‘ಎ’ ಎನ್ನುವಾಗ ಬರುವ, ಕನ್ನಡದಲ್ಲಿಲ್ಲದ ಸ್ವರ. ಇದರ ಮೇಲೆ ಆಡುಮಾತಿನ ಸವೆತವೂ ಸೇರುತ್ತದೆ: ‘ನನಗೆ ಗೊತ್ತಿಲ್ಲ’ ಎಂಬರ್ಥದ ನಾಲ್ಕು ಪದಗಳ ವಾಕ್ಯ ‘ಶೇಪಾ’ ಎಂದು ಕೇಳಿಸುತ್ತದೆ.

ಪರೀಕ್ಷೆಯ ಮೇಲಿನ ಮಟ್ಟಗಳಲ್ಲಿ ಈ ತೊಡಕಿಗೆ ವಾದದ ತಿರುವು ಜೊತೆಗೂಡುತ್ತದೆ. ನಾನೇ ಕಟ್ಟಿದ ಒಂದು ಮಾದರಿಯನ್ನು ಬಿಡಿಸಿ ನೋಡೋಣ. ರೇಡಿಯೊ ಸಂದರ್ಶನದಲ್ಲಿ ಸಮಾಜಶಾಸ್ತ್ರಜ್ಞೆಯೊಬ್ಬರು ಮನೆಯಿಂದ ಕೆಲಸ ಮಾಡುವುದರ ಬಗ್ಗೆ ಹೇಳುತ್ತಾರೆ: ‘ಸೆರ್ತ್, ಓಡಾಟದ ಸಮಯ ಉಳಿಯುತ್ತದೆ, ಮೇ, ನನ್ನನ್ನು ಕಾಡುವುದು ಹೊಸದಾಗಿ ಸೇರಿದ ಕಿರಿಯರ ಲಿಜ಼ೋಲ್‌ಮಾಂ.’ ಆಕೆಯ ಆತಂಕ ಏನೆಂಬುದು ಪ್ರಶ್ನೆ. ಆಯ್ಕೆಗಳು ನಾಲ್ಕು: ಓಡಾಟದ ಸಮಯ, ಕಿರಿಯರ ಕಡಿಮೆ ಸಂಬಳ, ಹೊಸಬರಿಗೆ ಸಹೋದ್ಯೋಗಿಗಳ ಒಡನಾಟ ಸಿಗದಿರುವುದು, ಕಚೇರಿಯ ಖರ್ಚು.

ದುರ್ಬಲ ಕೇಳುಗ ಮೊದಲನೆಯದನ್ನು ಆರಿಸುತ್ತಾನೆ, ಏಕೆಂದರೆ ಆ ಪದಗಳು ಅವನ ಕಿವಿಗೆ ಸ್ಪಷ್ಟವಾಗಿ ಬಿದ್ದಿವೆ. ಆದರೆ ‘ಸೆರ್ತ್’ (ಒಪ್ಪೋಣ) ಎಂದು ಆರಂಭವಾದ ಮಾತು ಬಹುತೇಕ ‘ಮೇ’ (ಆದರೆ) ಕಡೆಗೆ ತಿರುಗಲಿದೆ. ಹೇಳುವವರ ನಿಜವಾದ ನಿಲುವು ಆ ತಿರುವಿನ ಆಚೆಗಿದೆ. ಅಲ್ಲಿಯೇ ‘ಲಿಜ಼ೋಲ್‌ಮಾಂ’ ಬರುತ್ತದೆ. ಲಕಾರದಿಂದ ಆರಂಭವಾಗುವ ಪದಕ್ಕಾಗಿ ಸ್ಮೃತಿಯಲ್ಲಿ ತಡಕಾಡುವವನಿಗೆ ಅದು ಸಿಗುವುದಿಲ್ಲ. ಲಕಾರ ಬರೀ ಉಪಪದ, ಪದ ‘ಇಜ಼ೋಲ್‌ಮಾಂ’, ಅಂದರೆ ಒಂಟಿತನ. ಸರಿಯುತ್ತರವಾದ ಮೂರನೆಯ ಆಯ್ಕೆಯಲ್ಲಿ ಆ ಪದವೇ ಇಲ್ಲ, ಅರ್ಥ ಮಾತ್ರ ಇದೆ. ಕೇಳಿದ ಪದವನ್ನೇ ಹಿಡಿದುಕೊಂಡ ಆಯ್ಕೆಯನ್ನು ಅನುಮಾನದಿಂದ ನೋಡುವುದು ಹಾಗಾಗಿ ಒಳ್ಳೆಯ ಅಭ್ಯಾಸ. ಆದರೂ ಅದನ್ನು ನಿಯಮವಾಗಿಸಬಾರದು. ಆರಂಭದ ಸರಳ ಪ್ರಶ್ನೆಗಳಲ್ಲಿ ಕೇಳಿದ ಪದವೇ ಉತ್ತರವಾಗಿರಬಹುದು.

ಅಭ್ಯಾಸಕ್ರಮವೂ ಇದರಿಂದಲೇ ಹೊರಡಬೇಕು. ಆರ್‌ಎಫ್‌ಐ ಬಾನುಲಿಯ ಸರಳ ಫ್ರೆಂಚ್ ವಾರ್ತೆಯಂಥ, ಬರಹರೂಪ ಸಿಗುವ ಕಾರ್ಯಕ್ರಮದಿಂದ ಅರ್ಧ ನಿಮಿಷದ ತುಣುಕನ್ನು ಆರಿಸಿಕೊಳ್ಳಬೇಕು. ಮೊದಲು ಪರೀಕ್ಷೆಯಂತೆ ಒಂದೇ ಸಲ ಕೇಳಿ ಸಾರಾಂಶ ಹೇಳಬೇಕು. ಆಮೇಲೆ ಎಷ್ಟು ಸಲವಾದರೂ ಕೇಳಿ ಬರೆದುಕೊಂಡು, ಬರಹರೂಪದೊಂದಿಗೆ ಹೋಲಿಸಬೇಕು. ಪ್ರತಿ ತಪ್ಪಿನ ಎದುರು ಕಾರಣ ಗುರುತಿಸಬೇಕು: ಪದವೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಕಿವಿಗೆ ಸಿಗಲಿಲ್ಲವೇ, ಕೇಳಿಸಿಯೂ ವಾದದ ತಿರುವು ತಪ್ಪಿತೇ? ಮೂರಕ್ಕೂ ಮದ್ದು ಬೇರೆ. ಪದಪಟ್ಟಿ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದಕ್ಕೆ ಆ ಪದಗುಚ್ಛವನ್ನು ಮೂಲದ ವೇಗದಲ್ಲೇ ಬಾಯಿಬಿಟ್ಟು ಹೇಳುವುದು, ಮೂರನೆಯದಕ್ಕೆ ಭಾಷಣದ ಸಂಯೋಜಕ ಪದಗಳನ್ನಷ್ಟೇ ಹುಡುಕಿ ಕೇಳುವುದು.

ಈ ವಿಧಾನಕ್ಕೆ ಮಿತಿಯಿದೆ. ಕೊನೆಯ ಅತಿ ಕಠಿಣ ಪ್ರಶ್ನೆಗಳಲ್ಲಿ ವಿಷಯದ ಪರಿಚಯವೇ ನಿರ್ಣಾಯಕ, ಅಲ್ಲಿ ಕಿವಿಯ ಚುರುಕು ಅರ್ಧ ದಾರಿಗಷ್ಟೇ ಒಯ್ಯುತ್ತದೆ. ಆದರೆ 7ನೆಯ ಮಟ್ಟವನ್ನು ಗುರಿಯಾಗಿಟ್ಟುಕೊಂಡವರು ಸೋಲುವುದು ಬಹುಪಾಲು ಅದಕ್ಕಿಂತ ಮೊದಲೇ. ಆದ್ದರಿಂದ ಫ್ರೆಂಚ್ ಕಲಿಸುವ ಅಧ್ಯಾಪಕರಲ್ಲಿ ವಿನಂತಿ: ಮಾದರಿ ಪರೀಕ್ಷೆಯ ಅಂಕವನ್ನಷ್ಟೇ ಹೇಳಿ ವಿದ್ಯಾರ್ಥಿಯನ್ನು ಕಳಿಸಬೇಡಿ, ತಪ್ಪಾದ ಪ್ರತಿ ಪ್ರಶ್ನೆಯ ಬರಹರೂಪವನ್ನು ಅವರ ಕೈಗೆ ಕೊಡಿ.