ಕುದುರೆಯ ರಕ್ತ, ಹಾವಿನ ವಿಷ

ಕಳೆದ ಮಳೆಗಾಲದಲ್ಲಿ ಮಲೆನಾಡಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಕಾಫಿತೋಟದ ಕೆಲಸಗಾರನಿಗೆ ಹಾವು ಕಚ್ಚಿತ್ತು. "ಮೇಷ್ಟ್ರೇ, ಇಪ್ಪತ್ತು ಸೀಸೆ ಔಷಧ ಏರಿಸಿದರೂ ರಕ್ತ ಹೆಪ್ಪುಗಟ್ಟುತ್ತಿಲ್ಲ. ಔಷಧವೇ ಕೆಟ್ಟಿರಬಹುದೇ?" ಎಂದು ಕೇಳಿದ. ಹಾವಿನ ರೂಪ ವಿಚಾರಿಸಿದೆ. ತರಗೆಲೆಯ ಬಣ್ಣದ ಗಿಡ್ಡ ಹಾವು, ಮೂತಿಯ ತುದಿ ಮೇಲಕ್ಕೆ ಎದ್ದಿತ್ತಂತೆ. ಔಷಧ ಕೆಟ್ಟಿರಲಿಲ್ಲ, ಅದು ಆ ಹಾವಿಗಾಗಿ ತಯಾರಾದದ್ದೇ ಅಲ್ಲ. ಈ ಮಾತಿಗೆ ನೂರು ವರ್ಷಕ್ಕೂ ಹಿಂದಿನ ಚರಿತ್ರೆಯಿದೆ.

1891ರಲ್ಲಿ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಸೈಗಾನ್‌ನಲ್ಲಿದ್ದಾಗ, ಸಮೀಪದ ಪ್ರಾಂತವೊಂದರಲ್ಲಿ ನೆರೆ ಬಂದು ನಾಗರಹಾವುಗಳು ಊರೊಳಗೆ ನುಗ್ಗಿ ಹಲವರನ್ನು ಕಚ್ಚಿದವು. ಅಂದಿನಿಂದ ಅವರು ನಾಗರವಿಷದ ಅಧ್ಯಯನಕ್ಕೆ ತೊಡಗಿದರು. ಪ್ರಾಣಿಗೆ ಅತ್ಯಲ್ಪ ವಿಷವನ್ನು ಚುಚ್ಚಿ, ತಿಂಗಳುಗಟ್ಟಲೆ ಪ್ರಮಾಣವನ್ನು ಏರಿಸುತ್ತ ಹೋದರೆ, ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಕುದುರೆ ದೊಡ್ಡ ಪ್ರಾಣಿ. ಅದರಿಂದ ಹೆಚ್ಚು ರಕ್ತ ದೊರೆಯುತ್ತದೆ. ಇಂದು ಆ ರಕ್ತದ ದ್ರವಭಾಗವನ್ನು ಮಾತ್ರ ಉಳಿಸಿಕೊಂಡು ಕೆಂಪುಕಣಗಳನ್ನು ಕುದುರೆಗೇ ಹಿಂತಿರುಗಿಸುವುದುಂಟು. ಬಳಿಕ ಪ್ರತಿಕಾಯಗಳನ್ನು ಪೆಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ ಶುದ್ಧಗೊಳಿಸುತ್ತಾರೆ. ಆದರೂ ಅದು ಕುದುರೆಯ ಪ್ರೋಟೀನು. ಕೆಲವರ ಮೈಗೆ ಒಗ್ಗದೆ ತುರಿಕೆ, ಉಬ್ಬಸ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಆದುದರಿಂದಲೇ ಅದನ್ನು ಆಸ್ಪತ್ರೆಯಲ್ಲಿಯೇ ಕೊಡಬೇಕು.

ತಮ್ಮ ಸೀರಮ್ ಎಲ್ಲ ಹಾವುಗಳಿಗೂ ಸಲ್ಲುವುದೆಂದು ಕಾಲ್ಮೆಟ್ ನಂಬಿದ್ದರು. ಬ್ರೆಜಿಲ್‌ನ ವೈದ್ಯ ವಿಟಲ್ ಬ್ರೆಜಿಲ್ ಅದನ್ನು ತಮ್ಮ ನಾಡಿನ ಹಾವುಗಳ ವಿಷದ ಮೇಲೆ ಪರೀಕ್ಷಿಸಿದಾಗ ಫಲ ದೊರೆಯಲಿಲ್ಲ. ಅವರು ಗಿಲಕಿಹಾವಿಗೆ ಒಂದು, ಜರರಾಕ ಎಂಬ ಮಂಡಲಕ್ಕೆ ಇನ್ನೊಂದು ಸೀರಮನ್ನು ಬೇರೆಬೇರೆಯಾಗಿ ತಯಾರಿಸಿದರು. ಒಂದು ಪ್ರತಿಕಾಯವು ತಾನು ಕಂಡ ವಿಷಾಣುವಿನ ಆಕಾರವನ್ನಷ್ಟೇ ಹಿಡಿಯಬಲ್ಲದು, ಬೀಗಕ್ಕೆ ಕೀಲಿಯಂತೆ. ನಾಗರವಿಷ ಮುಖ್ಯವಾಗಿ ನರಗಳ ಆಜ್ಞೆ ಸ್ನಾಯುವಿಗೆ ತಲಪದಂತೆ ಮಾಡಿದರೆ, ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ.

ನಮ್ಮ ದೇಶದ ಔಷಧಕ್ಕಾಗಿ ಕುದುರೆಗಳಿಗೆ ನಾಲ್ಕು ವಿಷಗಳನ್ನು ಕೊಡುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು 6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ತಡೆಯಬಲ್ಲದು. ಅದರ ಒಂದು ಕಡಿತದಲ್ಲಿ ಸರಾಸರಿ 60 ಮಿಲಿಗ್ರಾಂ ಮೈಸೇರುವುದರಿಂದ ಹತ್ತು ಸೀಸೆಯಿಂದ ಚಿಕಿತ್ಸೆ ಆರಂಭವಾಗುತ್ತದೆ. ಒಣಗಿದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ವಾಲಿಸಿ ನೋಡುತ್ತಾರೆ. ಆರು ಗಂಟೆಯ ಬಳಿಕವೂ ಅದು ನೀರಾಗಿಯೇ ಹರಿದರೆ ಮತ್ತೆ ಔಷಧ ಕೊಡುತ್ತಾರೆ.

ಶಿಷ್ಯನ ತೋಟದಲ್ಲಿ ಕಚ್ಚಿದ್ದು, ವರ್ಣನೆಯ ಪ್ರಕಾರ, ಪಶ್ಚಿಮಘಟ್ಟದ ಮೊಂಡುಮೂತಿಯ ಗುಳಿಮಂಡಲ. ಅದು ಆ ನಾಲ್ಕರಲ್ಲಿಲ್ಲ. ಎಷ್ಟು ಸೀಸೆ ಏರಿಸಿದರೂ ಆ ಬೀಗಕ್ಕೆ ಕೀಲಿ ಅಲ್ಲಿಲ್ಲ. ಆ ಕೆಲಸಗಾರನ ಮೂತ್ರಪಿಂಡಗಳು ಸೋತು, ಕೆಲವು ವಾರ ಡಯಾಲಿಸಿಸ್ ನಡೆದು, ಕೊನೆಗೆ ಬದುಕಿ ಉಳಿದ.

ಇದರಿಂದ ಔಷಧವೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಹಾವಿನಿಂದ ಸಾಯುವವರಲ್ಲಿ ಬಹುಪಾಲು ಜನರನ್ನು ಕಚ್ಚುವುದು ಆ ನಾಲ್ಕೇ. ಹಾವನ್ನು ಹಿಡಿಯಲು ಹೋಗಿ ಸಮಯ ಕಳೆಯಬೇಡಿ. ದೂರದಿಂದ ಚಿತ್ರ ತೆಗೆಯಲಾದರೆ ವೈದ್ಯರಿಗೆ ತೋರಿಸಿ, ಇಲ್ಲವಾದರೆ ಕಂಡದ್ದನ್ನು ಕಂಡಂತೆ ಹೇಳಿ.